ಬೋರ್ಡಿನ ಫೋಟೋದಲ್ಲಿ ಪಕ್ಕದ ಹಾಳೆ

ಬೆಂಗಳೂರಿನ ಯಾವುದಾದರೂ ಅಪಾರ್ಟ್‌ಮೆಂಟಿನ ಕೆಳಮಹಡಿಯಲ್ಲಿ, ಲಿಫ್ಟಿಗೆ ಕಾಯುವ ಜಾಗದಲ್ಲಿ ನಿಂತರೆ ನೋಟಿಸ್ ಬೋರ್ಡ್ ಕಣ್ಣಿಗೆ ಬೀಳುತ್ತದೆ. ಹಸಿರು ಬಟ್ಟೆ, ಮುಂದೊಂದು ಗಾಜಿನ ಬಾಗಿಲು, ಅದರ ಬೀಗದ ಕೈ ಸೆಕ್ಯುರಿಟಿಯವರ ಹತ್ತಿರ. ಒಳಗೆ ನಡುಮಧ್ಯೆ ಸಂಪ್ ತೊಳೆಯುವ ನೋಟಿಸು. ಅದರ ಬಲಕ್ಕೆ ಮೇಂಟೆನೆನ್ಸ್ ಬಾಕಿ ಉಳಿಸಿಕೊಂಡವರ ಪಟ್ಟಿ: ಫ್ಲ್ಯಾಟ್ ಸಂಖ್ಯೆ, ಹೆಸರು, ಎಷ್ಟು ತಿಂಗಳು, ಎಷ್ಟು ರೂಪಾಯಿ. ಎಡಕ್ಕೆ ಪ್ಲಂಬರ್, ಎಲೆಕ್ಟ್ರಿಷಿಯನ್, ಲಿಫ್ಟ್ ಮೆಕ್ಯಾನಿಕ್‌ಗಳ ಮೊಬೈಲ್ ನಂಬರು. ಕೆಳಗೆ ಗಣೇಶನ ಹಬ್ಬದ ಚಿತ್ರಕಲಾ ಸ್ಪರ್ಧೆಯಲ್ಲಿ ಗೆದ್ದ ಮಕ್ಕಳ ಹೆಸರು, ವಯಸ್ಸು, ಮನೆ ನಂಬರು. ಒಂದು ಮೂಲೆಯಲ್ಲಿ ಕ್ಲಬ್‌ಹೌಸಿನ ವೈಫೈಗೆಂದು ಅಂಟಿಸಿದ ಕ್ಯೂಆರ್ ಚೌಕ.

ಈ ಬೋರ್ಡಿನ ಮುಂದೆ ಈಗ ಓದುವವರಿಗಿಂತ ಫೋಟೋ ಹೊಡೆಯುವವರು ಹೆಚ್ಚು. ಸಂಪಿನ ನೋಟಿಸನ್ನು ಬರೆದವರು ನಮ್ಮ ಸೂಪರ್‌ವೈಸರ್, ಅದೂ ಕೈಬರಹದ ಕನ್ನಡದಲ್ಲಿ. ಕನ್ನಡ ಓದಲು ಬಾರದ ಬಾಡಿಗೆದಾರರು ಫೋಟೋ ತೆಗೆದು ಚಾಟ್‌ಜಿಪಿಟಿಗೋ ಜೆಮಿನಿಗೋ ಹಾಕಿ ಇಂಗ್ಲಿಷೋ ಹಿಂದಿಯೋ ಮಾಡಿಸಿಕೊಳ್ಳುತ್ತಾರೆ. ಕಣ್ಣು ಮಂಜಾದ ಹಿರಿಯರು ಅದೇ ಫೋಟೋವನ್ನು ಗಟ್ಟಿಯಾಗಿ ಓದಿಸಿಕೊಳ್ಳುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ. ಯಾರನ್ನೂ ಕಾಡಿಸದೆ ತಮ್ಮ ಕೆಲಸ ತಾವೇ ಮಾಡಿಕೊಳ್ಳುವುದಕ್ಕೆ ಇದಕ್ಕಿಂತ ಸಲೀಸಾದ ದಾರಿ ಇನ್ನೊಂದಿಲ್ಲ. ಆದರೆ ಹಾಗೆ ಮಾಡುವಾಗ ಬೋರ್ಡಿನ ಆ ತುದಿಯಿಂದ ಈ ತುದಿಯವರೆಗೆ ಒಂದೇ ಫೋಟೋದಲ್ಲಿ ಬರುತ್ತದಲ್ಲ, ತೊಂದರೆ ಇರುವುದು ಅಲ್ಲಿ. ನಮ್ಮ ಅಸೋಸಿಯೇಷನ್ನಿನ ಮಾಸಪತ್ರಿಕೆಗೆ ಈ ಬಗ್ಗೆ ನಾಲ್ಕು ಸಾಲು ಬರೆಯಬೇಕಾಗಿ ಬಂದಾಗ, ನಾಲ್ಕು ಸಾಲಿನ ಹಿಂದೆ ಇಷ್ಟೆಲ್ಲ ಇದೆಯೆಂದು ಅಂದುಕೊಂಡಿರಲಿಲ್ಲ.

ಮೊದಲು ಎದುರಾದದ್ದು ನಮ್ಮ ಮೇಲಿನ ಮಹಡಿಯ ಹಿರಿಯ ಮಹಿಳೆಯೊಬ್ಬರ ಪ್ರಶ್ನೆ. "ಅಲ್ಲ ಸಾರ್, ಬೋರ್ಡಿಗೆ ಹಾಕಿದ ಮೇಲೆ ಅದನ್ನ ಎಲ್ಲಾರೂ ನೋಡೇ ನೋಡ್ತಾರೆ. ಅದರಲ್ಲಿ ಗುಟ್ಟು ಅನ್ನೋದು ಏನಿದೆ?"

ಪ್ರಶ್ನೆ ಸರಿಯಾದದ್ದೇ. ಬೋರ್ಡಿನಲ್ಲಿರುವುದು ಗುಟ್ಟಲ್ಲ. ಆದರೆ ಅದನ್ನು ನೋಡುವವರು ಯಾರು ಎಂಬುದಕ್ಕೆ ಒಂದು ಮಿತಿ ಇದೆ: ಗೇಟಿನೊಳಗೆ ಬರುವವರು, ಅಲ್ಲೇ ನಿಂತು ಓದುವವರು, ಮನೆಗೆ ಹೋಗುವಷ್ಟರಲ್ಲಿ ಅರ್ಧ ಮರೆಯುವವರು. ನೋಟಿಸು ತೆಗೆದರೆ ಅಲ್ಲಿಗೆ ಮುಗಿಯಿತು. ಫೋಟೋಕ್ಕೆ ಈ ಮೂರು ಮಿತಿಯೂ ಇಲ್ಲ. ಅದರ ಮೇಲೆ, ಚಿತ್ರ ಓದುವ ಈ ಸಾಧನಗಳು ಫೋಟೋದಲ್ಲಿರುವ ಅಕ್ಷರಗಳನ್ನು ಹುಡುಕಬಹುದಾದ, ನಕಲಿಸಬಹುದಾದ ಪಠ್ಯವಾಗಿ ಬದಲಿಸುತ್ತವೆ. 'ಪಕ್ಕದ ಮನೆಯವರು ಐದು ತಿಂಗಳ ಮೇಂಟೆನೆನ್ಸ್ ಕಟ್ಟಿಲ್ಲ' ಎಂಬುದು ಲಿಫ್ಟಿನ ಎದುರು ಓದಿದ ಸಂಗತಿಯಾಗಿದ್ದದ್ದು, ಅವರಿಗೆ ಗೊತ್ತೇ ಇಲ್ಲದ ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ, ನಿಮ್ಮ ಖಾತೆಯ ಹೆಸರಿನಲ್ಲಿ ಉಳಿದ ದಾಖಲೆಯಾಗುತ್ತದೆ.

ಎಷ್ಟು ದಿನ ಉಳಿಯುತ್ತದೆ? ಸಾಧನದಿಂದ ಸಾಧನಕ್ಕೆ ಬೇರೆ. ಚಾಟ್‌ಜಿಪಿಟಿಯಲ್ಲಿ ಮಾತುಕತೆಯನ್ನು ನೀವಾಗಿ ಅಳಿಸುವ ತನಕ ಅದು ಪಟ್ಟಿಯಲ್ಲಿ ಇರುತ್ತದೆ. ಅಳಿಸಿದ ಮೇಲೆ ಸಾಮಾನ್ಯವಾಗಿ 30 ದಿನದೊಳಗೆ ಕಂಪನಿಯ ಕಡೆಯಿಂದಲೂ ಹೋಗುತ್ತದೆ. ಜೆಮಿನಿಯಲ್ಲಿ ಸಾಮಾನ್ಯ ಹೊಂದಾಣಿಕೆಯಲ್ಲಿ ಬಿಟ್ಟರೆ 18 ತಿಂಗಳು. ಕೆಲವು ಮಾತುಕತೆಗಳನ್ನು ಗುಣಮಟ್ಟ ನೋಡಲೆಂದು ಮನುಷ್ಯರೇ ಓದುತ್ತಾರೆ. ಹಾಗೆ ಓದಲು ಆಯ್ದದ್ದನ್ನು ಖಾತೆಯಿಂದ ಬೇರ್ಪಡಿಸಿ 3 ವರ್ಷದವರೆಗೆ ಇಟ್ಟುಕೊಳ್ಳುತ್ತಾರೆ, ನೀವು ನಿಮ್ಮ ಕಡೆ ಅಳಿಸಿದರೂ ಅದು ಹೋಗುವುದಿಲ್ಲ. ಬೇರೆಯವರು ನೋಡಬಾರದ್ದನ್ನು ಇಲ್ಲಿ ಹಾಕಬೇಡಿ ಎಂದು ಗೂಗಲ್ ತಾನೇ ಎಚ್ಚರಿಸುತ್ತದೆ. ವಾಟ್ಸಾಪಿನೊಳಗಿನ ಮೆಟಾ ಎಐ ವಿಷಯದಲ್ಲಿ ಜನ ಇನ್ನೊಂದು ರೀತಿ ಏಮಾರುತ್ತಾರೆ. ಮನೆಯವರಿಗೆ ಕಳಿಸಿದ ಮೆಸೇಜನ್ನು ಕಂಪನಿ ಓದಲಾಗದು ಎಂಬ ಭರವಸೆ ಮೆಟಾ ಎಐಗೆ ಕಳಿಸಿದ ಮೆಸೇಜಿಗೆ ಅನ್ವಯಿಸುವುದಿಲ್ಲ. ಹಸಿರು ಬಣ್ಣದ ಅದೇ ಆ್ಯಪ್, ಅದೇ ಕಿಟಕಿ. ಮೆಸೇಜು ಹೋಗಿ ತಲುಪುವ ಜಾಗ ಮಾತ್ರ ಬೇರೆ.

ಈಗ ನಮ್ಮ ಸಂಪಿನ ನೋಟಿಸನ್ನೇ ಹಿಡಿದು ನೋಡೋಣ. ಅದರಲ್ಲಿರುವುದು ಇಷ್ಟು: ಎ ಬ್ಲಾಕಿನ ಸಂಪ್ 14ನೇ ತಾರೀಕು, ಬಿ ಬ್ಲಾಕಿನದು 15ನೇ ತಾರೀಕು ತೊಳೆಯುತ್ತಾರೆ, ಆಯಾ ದಿನ ಬೆಳಿಗ್ಗೆ 9ರಿಂದ ಸಂಜೆ 4ರ ತನಕ ಆಯಾ ಬ್ಲಾಕಿಗೆ ನೀರು ಇರುವುದಿಲ್ಲ, ಹಿಂದಿನ ರಾತ್ರಿಯೇ ತುಂಬಿಸಿಟ್ಟುಕೊಳ್ಳಿ. ಒಬ್ಬರು ಆರಡಿ ದೂರದಲ್ಲಿ ನಿಂತು, ಇಡೀ ಬೋರ್ಡು ಬರುವಂತೆ ಫೋಟೋ ಹೊಡೆದರು ಎಂದಿಟ್ಟುಕೊಳ್ಳಿ. ಈಗಿನ ಸಾಧಾರಣ ಫೋನಿನ ಕ್ಯಾಮೆರಾಕ್ಕೂ ಈ ದೂರ ಲೆಕ್ಕಕ್ಕಿಲ್ಲ. ಫೋಟೋವನ್ನು ಬೆರಳಲ್ಲಿ ಹಿಗ್ಗಿಸಿದರೆ ಬಾಕಿ ಪಟ್ಟಿಯ ಅಂಕಿಗಳು ಓದಲು ಬರುತ್ತವೆ, ಪ್ಲಂಬರನ ನಂಬರೂ ಬರುತ್ತದೆ. ಗಾಜಿನ ಬಾಗಿಲಿನಲ್ಲಿ ಎದುರಿನ ಟೇಬಲ್ಲಿನ ಪ್ರತಿಬಿಂಬ ಬಿದ್ದಿದ್ದರೆ ಸಂದರ್ಶಕರ ರಿಜಿಸ್ಟರಿನ ತೆರೆದ ಪುಟವೂ ಮಸುಕಾಗಿ ಕಾಣುತ್ತದೆ.

ಬೇಕಿದ್ದ ನೋಟಿಸೇ ಈ ಫೋಟೋದಲ್ಲಿ ಸರಿಯಾಗಿ ಓದಲು ಸಿಗದೇ ಹೋಗಬಹುದು ಎಂಬುದು ಇದರ ತಮಾಷೆ. ಇಂಥ ಅನೇಕ ಸಾಧನಗಳು ಬಂದ ಫೋಟೋವನ್ನು ಹಾಗೇ ನೋಡುವುದಿಲ್ಲ, ಮೊದಲು ಕುಗ್ಗಿಸಿಕೊಳ್ಳುತ್ತವೆ. ಇಡೀ ಬೋರ್ಡು ಕುಗ್ಗಿದಾಗ ನಡುವಿನ ಒಂದು ಹಾಳೆಗೆ ಉಳಿಯುವುದು ಅಂಗೈಯಷ್ಟು ಜಾಗ. ಕೈಬರಹದ ಒತ್ತಕ್ಷರಗಳು ಅಲ್ಲಿ ಕಲೆಗಳಾಗುತ್ತವೆ. ಮನುಷ್ಯರಾದರೆ 'ಇಲ್ಲಿ ಕಾಣ್ತಿಲ್ಲ' ಅನ್ನುತ್ತಾರೆ. ಈ ಸಾಧನಗಳು ಬಹಳ ಸಲ ಹಾಗನ್ನದೆ, ಅಲ್ಲಿ ಏನಿರಬಹುದೋ ಅದನ್ನು ತುಂಬಿ ನಯವಾದ ವಾಕ್ಯ ಮಾಡಿ ಕೊಡುತ್ತವೆ. ಎರಡು ಬ್ಲಾಕಿನ ಎರಡು ದಿನ ಸೇರಿ 'ಎರಡೂ ದಿನ ಎಲ್ಲರಿಗೂ ನೀರಿಲ್ಲ' ಆಗಬಹುದು. 4 ಎಂಬುದು 9 ಆಗಬಹುದು. ದಿನಾಂಕವನ್ನು ಕನ್ನಡ ಅಂಕಿಯಲ್ಲಿ ಬರೆದಿದ್ದರೆ ೨ ಅನ್ನು 9 ಎಂದು ಓದುವ ಸಾಧ್ಯತೆ ಇದೆ, ಮಾಟ ಹಾಗಿದೆ. ಎಲ್ಲಕ್ಕಿಂತ ಕೆಟ್ಟದ್ದು ವಾಕ್ಯದ ಕೊನೆಯ 'ಇಲ್ಲ' ಗಾಜಿನ ಹೊಳಪಿನಲ್ಲಿ ಮುಚ್ಚಿಹೋಗುವುದು. ಕನ್ನಡದಲ್ಲಿ ಇಡೀ ಮಾತಿನ ಹೌದು-ಅಲ್ಲ ನಿಂತಿರುವುದು ಆ ಕೊನೆಯ ಎರಡಕ್ಷರದ ಮೇಲೆ.

ಹಾಗಾಗಿ ಪಕ್ಕದ ಹಾಳೆಗಳನ್ನು ಕಾಪಾಡುವ ಉಪಾಯ, ಬೇಕಾದ ಹಾಳೆಯನ್ನು ಸರಿಯಾಗಿ ಓದಿಸುವ ಉಪಾಯ ಎರಡೂ ಒಂದೇ: ಹತ್ತಿರ ಹೋಗಿ. ಗಾಜಿನ ಬಾಗಿಲು ತೆಗೆಸಿ, ಒಂದೂವರೆ ಗೇಣು ದೂರದಿಂದ, ಆ ಒಂದು ಹಾಳೆ ಮಾತ್ರ ಚೌಕಟ್ಟು ತುಂಬುವಂತೆ ಫೋಟೋ ತೆಗೆಯಿರಿ. ಫೋನಿನ ನೆರಳು ಬಿದ್ದರೆ ಸ್ವಲ್ಪ ಓರೆಯಾಗಿ ನಿಲ್ಲಿ, ಫ್ಲ್ಯಾಶ್ ಬೇಡ. ಪಕ್ಕದ ಹಾಳೆಯ ಅಂಚು ಬರುತ್ತಿದ್ದರೆ ಒಂದು ಖಾಲಿ ಕಾಗದವನ್ನು ಅದರ ಮೇಲೆ ಹಿಡಿದುಕೊಂಡರಾಯಿತು. ಹೀಗೆ ಮುಚ್ಚಿದ್ದನ್ನು ಆಮೇಲೆ ಯಾವ ಕಂಪ್ಯೂಟರೂ ಬಿಚ್ಚಲಾರದು, ಏಕೆಂದರೆ ಅದು ಫೋಟೋದೊಳಗೆ ಬಂದೇ ಇಲ್ಲ.

ಫೋನಿನಲ್ಲಿ ಆಮೇಲೆ ಮುಚ್ಚುವುದಕ್ಕೆ ಇಷ್ಟು ಖಾತ್ರಿ ಇಲ್ಲ. 2023ರಲ್ಲಿ ಗೂಗಲ್‌ನ ಪಿಕ್ಸೆಲ್ ಫೋನುಗಳಲ್ಲಿ ಒಂದು ಲೋಪ ಪತ್ತೆಯಾಯಿತು. ಫೋನಿನ ಜೊತೆಗೇ ಬರುವ ಮಾರ್ಕಪ್ ಸಾಧನದಲ್ಲಿ ಸ್ಕ್ರೀನ್‌ಶಾಟ್ ಕತ್ತರಿಸಿ ಉಳಿಸಿದರೂ ಕತ್ತರಿಸಿದ ಭಾಗದ ದತ್ತಾಂಶ ಫೈಲಿನ ಬಾಲದಲ್ಲಿ ಹಾಗೇ ಉಳಿಯುತ್ತಿತ್ತು, ಮತ್ತೆ ಹೊರತೆಗೆಯಬಹುದಿತ್ತು. ವಿಂಡೋಸ್ ಕಂಪ್ಯೂಟರಿನ ಸ್ನಿಪ್ಪಿಂಗ್ ಸಾಧನದಲ್ಲೂ ಅದೇ ಕಾಲಕ್ಕೆ ಅಂಥದ್ದೇ ಲೋಪ ಸಿಕ್ಕಿತು. ಎರಡನ್ನೂ ಸರಿಮಾಡಿದ್ದಾರೆ, ಹಳೆಯ ಫೈಲುಗಳು ಮಾತ್ರ ಹಳೆಯವೇ. ಈಗಲೂ ಸಾಮಾನ್ಯವಾಗಿ ಕಾಣುವ ಎಡವಟ್ಟು ಬೇರೆ: ಹೆಸರಿನ ಮೇಲೆ ಕಪ್ಪು ಹೈಲೈಟರ್ ಎಳೆಯುವುದು. ಹೈಲೈಟರ್ ಪಾರದರ್ಶಕ. ಎರಡು ಸಲ ಎಳೆದರೆ ಕಣ್ಣಿಗೆ ಕಪ್ಪಾಗಿ ಕಂಡರೂ ಫೋಟೋದ ಬೆಳಕು ಏರಿಸಿದರೆ ಕೆಳಗಿನ ಅಕ್ಷರ ಎದ್ದುಬರುತ್ತದೆ. ಮಸುಕು ಮಾಡುವುದನ್ನೂ ನಾನು ನೆಚ್ಚುವುದಿಲ್ಲ. ಫೋನ್ ನಂಬರಿನಂಥದ್ದರಲ್ಲಿ ಬರಬಹುದಾದ ಚಿಹ್ನೆಗಳು ಹತ್ತೇ. ಮಸುಕಾದ ಆಕಾರದಿಂದ ಊಹಿಸುವುದು ಅಷ್ಟೇನೂ ಕಷ್ಟವಲ್ಲ. ಮುಚ್ಚಲೇಬೇಕಾದರೆ ಗಟ್ಟಿ ಬಣ್ಣ ತುಂಬಿದ ಚೌಕ ಇಡಿ. ಆಮೇಲೆ ಆ ತಿದ್ದಿದ ಫೋಟೋವನ್ನು ತೆರೆಯ ತುಂಬ ಇಟ್ಟು ಸ್ಕ್ರೀನ್‌ಶಾಟ್ ತೆಗೆದು, ಆ ಸ್ಕ್ರೀನ್‌ಶಾಟನ್ನೇ ಕಳಿಸಿ.

ಸ್ಕ್ರೀನ್‌ಶಾಟಿನಿಂದ ಇನ್ನೊಂದು ಲಾಭವಿದೆ. ಕ್ಯಾಮೆರಾದಲ್ಲಿ ತೆಗೆದ ಫೋಟೋದ ಫೈಲಿನೊಳಗೆ ಚಿತ್ರದ ಜೊತೆಗೆ ತೆಗೆದ ಹೊತ್ತು, ಫೋನಿನ ಮಾದರಿ, ಲೊಕೇಷನ್ ಆನ್ ಇದ್ದರೆ ತೆಗೆದ ಜಾಗದ ಅಕ್ಷಾಂಶ-ರೇಖಾಂಶ ಕೂಡ ಸೇರಿರುತ್ತದೆ. ಅಂದರೆ ನೋಟಿಸಿನಲ್ಲಿ ಅಪಾರ್ಟ್‌ಮೆಂಟಿನ ಹೆಸರಿಲ್ಲದಿದ್ದರೂ ಫೈಲಿನಲ್ಲಿ ವಿಳಾಸ ಇದ್ದ ಹಾಗೇ. ಸ್ಕ್ರೀನ್‌ಶಾಟಿಗೆ ಆ ಜಾಗದ ಗುರುತು ಅಂಟುವುದಿಲ್ಲ. ವಾಟ್ಸಾಪಿನಲ್ಲಿ ಫೋಟೋ ಎಂದು ಕಳಿಸಿದರೂ ಅದು ಉದುರಿಹೋಗುತ್ತದೆ, ಡಾಕ್ಯುಮೆಂಟ್ ಎಂದು ಕಳಿಸಿದರೆ ಉಳಿಯುತ್ತದೆ.

ಮೂಲೆಯ ಕ್ಯೂಆರ್ ಚೌಕದ ಬಗ್ಗೆ ಸ್ವಲ್ಪ ನಿಂತು ಹೇಳಬೇಕು, ಏಕೆಂದರೆ ಜನ ಅದನ್ನು ಅಲಂಕಾರದ ಚುಕ್ಕಿಗಳಂತೆ ನೋಡುತ್ತಾರೆ. ಅದರಲ್ಲಿ ಅಕ್ಷರ ಕಾಣದು, ಹಾಗಾಗಿ ಫೋಟೋದಲ್ಲಿ ಬಂದರೂ ಏನೂ ಹೋಗಿಲ್ಲ ಎಂಬ ಭಾವನೆ. ವೈಫೈ ಕ್ಯೂಆರ್ ಬಿಚ್ಚಿದರೆ ಒಳಗಿರುವುದು ಹೀಗಿರುತ್ತದೆ:

```
WIFI:T:WPA;S:Clubhouse;P:nammamane123;;
```

P: ಆದ ಮೇಲೆ ಇರುವುದೇ ಪಾಸ್‌ವರ್ಡು. (ಇಲ್ಲಿ ಬರೆದದ್ದು ನಾನು ಮಾಡಿಕೊಂಡ ಉದಾಹರಣೆ, ಪ್ರಯತ್ನಿಸಿ ನೋಡಬೇಡಿ.) ಬೀಗವಿಲ್ಲ, ಗೂಢಲಿಪಿಯಿಲ್ಲ, ಹಾಗೇ ಬರೆದಿಟ್ಟದ್ದು. ಮೇಂಟೆನೆನ್ಸ್ ಕಟ್ಟಲು ಹಾಕಿದ ಯುಪಿಐ ಕ್ಯೂಆರ್ ಆದರೆ ಅದರಲ್ಲಿ upi://pay ಎಂದು ಶುರುವಾಗಿ ಹಣ ಪಡೆಯುವವರ ಯುಪಿಐ ಐಡಿ, ಹೆಸರು ಇರುತ್ತವೆ. ಅದರಿಂದ ಯಾರೂ ಹಣ ಎಳೆದುಕೊಳ್ಳಲಾರರು, ನಿಜ. ಆದರೆ ಖಜಾಂಚಿಯ ಸ್ವಂತ ನಂಬರಿಗೆ ಮಾಡಿಸಿದ ಕ್ಯೂಆರ್ ಆಗಿದ್ದರೆ ಅವರ ಮೊಬೈಲ್ ನಂಬರೇ ಆ ಐಡಿಯೊಳಗೆ ಕೂತಿರಬಹುದು. ಇನ್ನು ಅದರ ಮೇಲೊಂದು ಗೆರೆ ಎಳೆದರೆ ಸಾಕು ಎಂದುಕೊಳ್ಳುವುದೂ ತಪ್ಪು. ಕ್ಯೂಆರ್ ಹರಿದರೂ ಮಸಿಯಾದರೂ ಓದಲು ಬರಲಿ ಎಂದೇ ಅದರೊಳಗೆ ಹೆಚ್ಚುವರಿ ಮಾಹಿತಿ ತುಂಬಿರುತ್ತಾರೆ. ಮಾಡುವಾಗ ಆಯ್ದ ಮಟ್ಟಕ್ಕೆ ತಕ್ಕಂತೆ ಸುಮಾರು 7ರಿಂದ 30 ಶೇಕಡಾದಷ್ಟು ಹಾಳಾದರೂ ಅದು ಓದಿಸಿಕೊಳ್ಳುತ್ತದೆ. ಪೂರ್ತಿ ಮುಚ್ಚಬೇಕು, ಇಲ್ಲವೇ ಚೌಕಟ್ಟಿನಿಂದ ಹೊರಗಿಡಬೇಕು.

ಫೋಟೋ ಸರಿಯಾಗಿ ಬಂತು, ಒಂದೇ ಹಾಳೆ ಇದೆ. ಇನ್ನು ಕೇಳುವ ರೀತಿ. 'ಇದರ ಅರ್ಥ ಹೇಳು' ಎಂದು ನೇರವಾಗಿ ಕೇಳಿದರೆ ಓದುವುದು, ಅನುವಾದಿಸುವುದು, ಚಿಕ್ಕದು ಮಾಡುವುದು ಮೂರೂ ಒಟ್ಟಿಗೆ ನಡೆದು, ತಪ್ಪು ಎಲ್ಲಿ ಹೊಕ್ಕಿತೆಂದು ಹಿಡಿಯಲು ಆಗುವುದಿಲ್ಲ. ಮೊದಲು ಇದ್ದದ್ದನ್ನು ಇದ್ದ ಹಾಗೆ ಕನ್ನಡದಲ್ಲೇ ಬರೆಯಲು ಹೇಳಿ, ಓದಲಾಗದ ಕಡೆ ಪ್ರಶ್ನೆಚಿಹ್ನೆ ಹಾಕಲು ಹೇಳಿ, ಅದಾದ ಮೇಲೆ ಅನುವಾದ ಕೇಳಿ. ಕನ್ನಡ ಓದಲು ಬಾರದವರಿಗೂ ಇದರಿಂದ ಅನುಕೂಲವಿದೆ: ಬರೆದು ಬಂದದ್ದರಲ್ಲಿ ಅಂಕಿಗಳನ್ನಾದರೂ ಹಾಳೆಯ ಅಂಕಿಗಳ ಜೊತೆ ಬೆರಳಿಟ್ಟು ತಾಳೆ ನೋಡಬಹುದು. ನೋಟಿಸಿನಲ್ಲಿ ನಾಲ್ಕು ಅಂಕಿ ಇದ್ದು ಅನುವಾದದಲ್ಲಿ ಎರಡೇ ಬಂದಿದ್ದರೆ ಏನೋ ಬಿಟ್ಟುಹೋಗಿದೆ ಎಂದರ್ಥ. ಅನುಮಾನ ಬಂದಲ್ಲಿ ಸೆಕ್ಯುರಿಟಿಯವರನ್ನು ಕೇಳಿ. ನೀರು ಯಾವಾಗ ನಿಲ್ಲುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ನಮ್ಮ ಅಪಾರ್ಟ್‌ಮೆಂಟಿನಲ್ಲಂತೂ ಇಲ್ಲ.

ಈ ಸಾಧನಗಳು ಹಾಳೆಯಲ್ಲಿ ಏನು ಬರೆದಿದೆ ಎಂದು ಹೇಳುತ್ತವೆಯೇ ಹೊರತು ಆ ಹಾಳೆಯನ್ನು ಯಾರು ಅಂಟಿಸಿದರು ಎಂದು ಅವಕ್ಕೆ ಗೊತ್ತಿಲ್ಲ. 'ಇಂದು ರಾತ್ರಿ ಕರೆಂಟ್ ಕಡಿತ, ತಕ್ಷಣ ಈ ನಂಬರಿಗೆ ಕರೆ ಮಾಡಿ' ಎಂಬ ಮೋಸದ ಮೆಸೇಜುಗಳು ಮೊಬೈಲಿಗೆ ಬರುವುದು ಎಲ್ಲರಿಗೂ ಗೊತ್ತು. ಅದೇ ಮಾತನ್ನು ಒಬ್ಬ ಪ್ರಿಂಟ್ ಹಾಕಿ ಬೋರ್ಡಿಗೆ ಸಿಕ್ಕಿಸಿದರೆ, ನಮ್ಮ ಸಂಪಿನ ನೋಟಿಸಿನಷ್ಟೇ ಗಂಭೀರವಾಗಿ ಅದೂ ಅನುವಾದವಾಗುತ್ತದೆ. ಕರೆಂಟಿಗೆ ಬೆಸ್ಕಾಂನ 1912, ಕಾವೇರಿ ನೀರಿಗೆ ಜಲಮಂಡಳಿಯ 1916, ಹಣ ಹೋಗಿಯೇ ಬಿಟ್ಟರೆ ಸೈಬರ್ ಅಪರಾಧದ 1930. ಹಾಳೆಯ ನಂಬರನ್ನು ಬಿಟ್ಟು ಇವಕ್ಕೆ ಕರೆ ಮಾಡಿ ವಿಚಾರಿಸಬಹುದು.

ಕೊನೆಗೆ ಮಾಸಪತ್ರಿಕೆಯಲ್ಲಿ ಅಚ್ಚಾದದ್ದು ಇಷ್ಟು:

"ನೋಟಿಸ್ ಬೋರ್ಡಿನ ಫೋಟೋವನ್ನು ಚಾಟ್ ಆ್ಯಪ್‌ಗಳಿಗೆ ಹಾಕಿ ಓದಿಸಿಕೊಳ್ಳುವವರ ಗಮನಕ್ಕೆ. ಇಡೀ ಬೋರ್ಡಿನ ಫೋಟೋ ತೆಗೆಯಬೇಡಿ, ನಿಮಗೆ ಬೇಕಾದ ಒಂದೇ ನೋಟಿಸನ್ನು ಹತ್ತಿರದಿಂದ ತೆಗೆಯಿರಿ; ಗಾಜು ತೆಗೆಯಲು ಸೆಕ್ಯುರಿಟಿಯವರಿಗೆ ಹೇಳಿದ್ದೇವೆ, ಮುಚ್ಚಿಕೊಳ್ಳಲು ಖಾಲಿ ಹಾಳೆ ಬೋರ್ಡಿನ ಕೆಳಗೆ ಇದೆ. ಹೆಸರು, ಫೋನ್ ನಂಬರು, ಕ್ಯೂಆರ್, ಮಕ್ಕಳ ವಿವರ ಇರುವ ಹಾಳೆ ಹಾಕಬೇಡಿ. ತಾತ್ಕಾಲಿಕ ಚಾಟ್ ಬಳಸಿ. ದಿನಾಂಕ, ಹೊತ್ತು ಬೋರ್ಡಿನ ಜೊತೆ ತಾಳೆ ನೋಡಿ. ಓದಲು ಕಷ್ಟವಾದರೆ ಆಫೀಸಿನಲ್ಲಿ ಕೇಳಿ, ಓದಿ ಹೇಳುತ್ತೇವೆ."

ಇದರಲ್ಲಿ ವಿವರಿಸದೆ ಬಿಟ್ಟದ್ದು ತಾತ್ಕಾಲಿಕ ಚಾಟ್. ಚಾಟ್‌ಜಿಪಿಟಿಯಲ್ಲೂ ಜೆಮಿನಿಯಲ್ಲೂ Temporary chat ಎಂಬ ಆಯ್ಕೆ ಇದೆ. ಅದರಲ್ಲಿ ನಡೆದ ಮಾತುಕತೆ ಹಳೆಯ ಚಾಟುಗಳ ಪಟ್ಟಿಗೆ ಸೇರುವುದಿಲ್ಲ, ಸಾಧನವನ್ನು ತರಬೇತುಗೊಳಿಸಲು ಬಳಕೆಯಾಗುವುದಿಲ್ಲ. ಹಾಗೆಂದು ಮುಚ್ಚಿದ ಕೂಡಲೇ ಮಾಯವಾಗುವುದೂ ಇಲ್ಲ. ಚಾಟ್‌ಜಿಪಿಟಿ 30 ದಿನದವರೆಗೆ, ಜೆಮಿನಿ 72 ಗಂಟೆಯವರೆಗೆ ಇಟ್ಟುಕೊಳ್ಳಬಹುದು. ಮಾಮೂಲಿ ಚಾಟನ್ನೇ ಬಳಸುವವರು ಚಾಟ್‌ಜಿಪಿಟಿಯ ಸೆಟ್ಟಿಂಗ್ಸಿನಲ್ಲಿ Data controls ಒಳಗೆ Improve the model for everyone ಎಂಬುದನ್ನು ಆಫ್ ಮಾಡಿಟ್ಟುಕೊಳ್ಳಬಹುದು. ಮಾತುಕತೆಯನ್ನು ಲಿಂಕ್ ಮಾಡಿ ಗುಂಪಿಗೆ ಹಂಚುವ ಗುಂಡಿಯನ್ನು ಮಾತ್ರ ಈ ಕೆಲಸಕ್ಕೆ ಮುಟ್ಟಬೇಡಿ. 2025ರಲ್ಲಿ ಚಾಟ್‌ಜಿಪಿಟಿಯಿಂದ ಹಾಗೆ ಹಂಚಿದ ಎಷ್ಟೋ ಮಾತುಕತೆಗಳು ಗೂಗಲ್ ಹುಡುಕಾಟದಲ್ಲಿ ಸಿಗತೊಡಗಿ ದೊಡ್ಡ ಸುದ್ದಿಯಾಯಿತು. ಹುಡುಕಾಟಕ್ಕೆ ಸಿಗಲಿ ಎಂಬ ಚೌಕಕ್ಕೆ ಜನರೇ ಗುರುತು ಹಾಕಿದ್ದರು, ಅದರ ಅರ್ಥ ಎಷ್ಟು ಜನಕ್ಕೆ ಆಗಿತ್ತೋ ಏನೋ. ಕಂಪನಿ ಆ ಆಯ್ಕೆಯನ್ನೇ ತೆಗೆದುಹಾಕಿತು. ಅನುವಾದ ಬೇರೆಯವರಿಗೂ ಬೇಕಾದರೆ ಆ ಪಠ್ಯವನ್ನಷ್ಟೇ ನಕಲಿಸಿ ಗುಂಪಿಗೆ ಹಾಕಿದರಾಯಿತು.

ಇಡೀ ಬೋರ್ಡಿನ ಫೋಟೋ ಈಗಾಗಲೇ ಹೋಗಿದ್ದರೆ ಚಾಟನ್ನು ಅಳಿಸಿ, ಅದರಿಂದ ಆಗುವಷ್ಟು ಆಗುತ್ತದೆ. ವೈಫೈ ಪಾಸ್‌ವರ್ಡು ಹೋಗಿದ್ದರೆ ಅಳಿಸುವುದಕ್ಕಿಂತ ಬದಲಿಸುವುದು ಮೇಲು. ಆಫೀಸಿಗೆ ಬಂದು ಹೇಳಿದರೆ ಐದು ನಿಮಿಷದ ಕೆಲಸ, ಯಾರೂ ಬೈಯುವುದಿಲ್ಲ. ಪ್ಲಂಬರನ ನಂಬರನ್ನು ಹಾಗೆ ಬದಲಿಸಲು ಬರುವುದಿಲ್ಲ, ಮಗುವಿನ ಹೆಸರು ಮತ್ತು ಮನೆ ನಂಬರನ್ನಂತೂ ಕೇಳಲೇಬೇಡಿ.

ಇಷ್ಟು ಬರೆದ ಮೇಲೆ ಕಮಿಟಿಯಲ್ಲಿ ಚರ್ಚೆ ಫೋಟೋ ತೆಗೆಯುವವರನ್ನು ಬಿಟ್ಟು ಬೋರ್ಡಿನ ಕಡೆಗೇ ತಿರುಗಿತು. ನನಗೂ ಅದೇ ಸರಿ ಅನ್ನಿಸುತ್ತದೆ. ನೂರಾರು ಜನಕ್ಕೆ ಹುಷಾರಾಗಿ ಫೋಟೋ ತೆಗೆಯಲು ಕಲಿಸುವುದಕ್ಕಿಂತ, ಬೇಡದ್ದನ್ನು ಬೋರ್ಡಿನಿಂದ ತೆಗೆಯುವುದು ಸುಲಭ. ಸ್ಪರ್ಧೆಯ ಪಟ್ಟಿಯಲ್ಲಿ ಮಕ್ಕಳ ಹೆಸರಷ್ಟೇ ಸಾಕು, ವಯಸ್ಸು ಮತ್ತು ಮನೆ ನಂಬರು ಯಾರಿಗೆ ಬೇಕು? ವೈಫೈ ಕ್ಯೂಆರ್ ಕ್ಲಬ್‌ಹೌಸಿನ ಒಳಗೋಡೆಗೆ ಹೋಯಿತು. ಸೂಪರ್‌ವೈಸರ್ ಈಗ ಪ್ರತಿ ನೋಟಿಸಿನ ಕೆಳಗೆ ಎರಡು ಸಾಲು ಇಂಗ್ಲಿಷನ್ನೂ ಬರೆಯುತ್ತಾರೆ, ಅರ್ಧಕ್ಕರ್ಧ ಜನಕ್ಕೆ ಫೋಟೋ ತೆಗೆಯುವ ಅಗತ್ಯವೇ ಬೀಳುತ್ತಿಲ್ಲ.

ಬಾಕಿ ಪಟ್ಟಿಯ ವಿಷಯಕ್ಕೆ ಮಾತ್ರ ಮಾತು ಬಿಸಿಯಾಯಿತು. ಹೆಸರು ಹಾಕದಿದ್ದರೆ ದುಡ್ಡು ವಸೂಲಿಯಾಗುವುದಿಲ್ಲ ಎಂದು ಖಜಾಂಚಿಯವರು ಹಟ ಹಿಡಿದರು. ಅವರ ಕಷ್ಟ ಅವರಿಗೆ. ಲಿಫ್ಟಿನ ಬಿಲ್ಲು, ಡೀಸೆಲ್ ಬಿಲ್ಲು ಕಟ್ಟುವವರು ಅವರೇ. ಕಾನೂನಿನ ಮಾತೂ ಬಂತು. ದೇಶದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದದ್ದು 2023ರಲ್ಲಿ, ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರಿನಲ್ಲಿ. ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳ ಕಾಲಾವಕಾಶ. ಒಬ್ಬ ವ್ಯಕ್ತಿ ತನ್ನ ಸ್ವಂತ ಇಲ್ಲವೇ ಮನೆ ಬಳಕೆಗೆ ಮಾಡುವುದನ್ನು ಆ ಕಾಯ್ದೆ ಹೊರಗಿಡುತ್ತದೆ, ಆದರೆ ಕಂಪ್ಯೂಟರಿನಲ್ಲಿ ನಿವಾಸಿಗಳ ಪಟ್ಟಿ ಇಟ್ಟುಕೊಂಡ ಅಸೋಸಿಯೇಷನ್ನು 'ಇದು ನಮ್ಮ ಮನೆ ಬಳಕೆ' ಎಂದು ಹೇಳಿಕೊಳ್ಳುವುದು ಕಷ್ಟ. ಕೊನೆಗೆ ಒಂದು ನಡುದಾರಿಗೆ ಎಲ್ಲರೂ ಒಪ್ಪಿದರು: ಬೋರ್ಡಿನಲ್ಲಿ ಒಟ್ಟು ಬಾಕಿ ಎಷ್ಟು, ಎಷ್ಟು ಮನೆಗಳದ್ದು ಎಂದು ಮಾತ್ರ, ಬಾಕಿ ಇರುವವರಿಗೆ ಅವರವರ ಲೆಕ್ಕ ಲಕೋಟೆಯಲ್ಲಿ. ಲಕೋಟೆಯ ಖರ್ಚನ್ನು ಬಾಕಿದಾರರ ಲೆಕ್ಕಕ್ಕೇ ಸೇರಿಸಬೇಕೆಂಬ ಖಜಾಂಚಿಯವರ ಬೇಡಿಕೆ ಮುಂದಿನ ಸಭೆಗೆ ಹೋಗಿದೆ.